ಒರಳು ಬೇಕಿತ್ತು

ಡಬ್ಬದ ಮುಚ್ಚಳ ತೆಗೆದು ಒಂದು ಚಕ್ಕುಲಿ ಕೈಗೆ ತಗೊಂಡೆ. ಬಾಯಿಗಿಡುವ ಮೊದಲೇ ಗೊತ್ತಾಯಿತು, ಇದು ನನ್ನ ಒರಳಿನದು ಅಂತ.

ಹೇಗೆ ಅಂತೀರಾ? ನಮ್ಮ ಒರಳಿನ ಚಕ್ಕುಲಿ ಬಿಲ್ಲೆಯ ನಕ್ಷತ್ರಕ್ಕೆ ಐದು ಮೂಲೆ. ಅದರಲ್ಲಿ ಒಂದು ಮೂಲೆ ಮೊಂಡು. ಯಾವುದೋ ಕಾಲದಲ್ಲಿ ಹಿಟ್ಟು ಒಣಗಿ ಕಚ್ಚಿಕೊಂಡಿತ್ತಂತೆ, ಅಮ್ಮ ಮೊಳೆ ಇಟ್ಟು ಕುಟ್ಟಿದರಂತೆ. ಅವತ್ತಿನಿಂದ ಆ ಒರಳಿನಲ್ಲಿ ಒತ್ತಿದ ಚಕ್ಕುಲಿಗೆಲ್ಲ ನಾಲ್ಕೇ ಸಾಲು ಮುಳ್ಳು, ಐದನೇ ಕಡೆ ನುಣ್ಣಗೆ. ಚಿಕ್ಕವರಿದ್ದಾಗ ಆ ನುಣ್ಣನೆಯ ಕಡೆ ನಾಲಿಗೆ ಆಡಿಸಿ ತಿನ್ನುತ್ತಿದ್ದೆವು. ಈಗ ಅದೇ ನುಣುಪು ಕುವೆಂಪುನಗರದಿಂದ ಅತ್ತಿಗೆ ಕಳಿಸಿದ ಡಬ್ಬದೊಳಗೆ ಕೂತು ನನ್ನನ್ನು ನೋಡುತ್ತಿತ್ತು. ಚಕ್ಕುಲಿ ಚೆನ್ನಾಗಿತ್ತು ಅನ್ನುವುದೇ ಇನ್ನೂ ಸಂಕಟ.

ಒರಳು ಅಂದರೆ ಹಿತ್ತಾಳೆಯದು. ಮೇಲೆ ಎರಡು ಹಿಡಿ, ಕೆಳಗೆ ಎರಡು ಹಿಡಿ, ಮಧ್ಯೆ ಹಿಟ್ಟು ತುಂಬುವ ಕೊಳವೆ. ಜೊತೆಗೆ ನಾಲ್ಕು ಬಿಲ್ಲೆ: ಚಕ್ಕುಲಿಯದು, ಖಾರಸೇವೆಯದು, ಸಣ್ಣ ಶ್ಯಾವಿಗೆಯದು, ಇನ್ನೊಂದು ಉದ್ದ ಸೀಳಿನದು. ಅಮ್ಮ ಅವರ ಮನೆಯಿಂದ ತಂದಿದ್ದರು, ನನ್ನ ಮದುವೆಯಾದ ಮೇಲೆ ನನಗೆ ಕೊಟ್ಟರು. ಹಿಂದಿನ ವರ್ಷ ಗೋಕುಲಾಷ್ಟಮಿಗೆ ಎರಡು ದಿನ ಇದ್ದಾಗ ಅತ್ತಿಗೆ, ಅಂದರೆ ನಮ್ಮವರ ಅಕ್ಕ, ಬಂದಿದ್ದರು. ನಾನು ಕೆಲಸಕ್ಕೆ ಹೋಗಿದ್ದೆ. ನಮ್ಮ ಹಬ್ಬದ ಚಕ್ಕುಲಿ ಆಗಲೇ ಆಗಿತ್ತು, ಒರಳು ತೊಳೆದು ಕಟ್ಟೆ ಮೇಲೆ ಬೋರಲು ಹಾಕಿತ್ತು. ಅತ್ತೆ ಮಗಳಿಗೆ, 'ತಗೊಂಡು ಹೋಗೇ, ಮಾಡ್ಕೊ' ಅಂದರು. ಸಂಜೆ ಬಂದು ಕೇಳಿದಾಗ ನನಗೂ ಏನೂ ಅನ್ನಿಸಲಿಲ್ಲ. ಹಬ್ಬದ ಮನೆ, ಕೊಟ್ಟರಾಯಿತು.

ಅಷ್ಟಮಿ ಆಯಿತು. ದೀಪಾವಳಿ ಬಂತು, ಹೋಯಿತು. ಸಂಕ್ರಾಂತಿ, ಯುಗಾದಿ. ಒರಳಿನ ಸುದ್ದಿಯೇ ಇಲ್ಲ.

ನಮ್ಮವರನ್ನು ಕೇಳಿದರೆ, 'ಮುನ್ನೂರು ನಾನೂರು ರೂಪಾಯಿ ಸಾಮಾನು, ಇನ್ನೊಂದು ತಗೊಂಬಿಡು' ಅಂದರು. ತಗೊಂಡೆ ಕೂಡ. ತಿರುಗಿಸುವ ಹಿಡಿಯ ಸ್ಟೀಲ್ ಒರಳು. ನಾನು ತಂದದ್ದರಲ್ಲಿ ಒತ್ತುವ ಬಿಲ್ಲೆಗೂ ಕೊಳವೆಗೂ ಮಧ್ಯೆ ಕೂದಲೆಳೆಗಿಂತ ಜಾಸ್ತಿ ಜಾಗ ಇತ್ತು. ಹಿಟ್ಟು ಕೆಳಗೆ ಇಳಿಯುವುದರ ಜೊತೆಗೆ ಪಕ್ಕದಿಂದ ಮೇಲಕ್ಕೂ ಏರಿ ಬರುತ್ತಿತ್ತು. ಅರ್ಧ ಹಿಟ್ಟು ಒತ್ತುವ ಹೊತ್ತಿಗೆ ತಿರುಪಿನ ತುಂಬ ಹಿಟ್ಟು. ಹಿಟ್ಟು ಸ್ವಲ್ಪ ಸಡಿಲ ಮಾಡಿದರೆ ಸಲೀಸಾಗಿ ಇಳಿಯುತ್ತದೆ, ಆದರೆ ಚಕ್ಕುಲಿ ಎಣ್ಣೆ ಕುಡಿಯುತ್ತದೆ. ಗಟ್ಟಿ ಮಾಡಿದರೆ ಸುತ್ತುವಾಗಲೇ ತುಂಡಾಗುತ್ತದೆ. ಹಿತ್ತಾಳೆಯ ಒರಳಿನಲ್ಲಿ ಕೈಯ ಭಾರ ನೇರ ಹಿಟ್ಟಿನ ಮೇಲೆ ಬೀಳುತ್ತದೆ, ಎಷ್ಟು ಬಿಗಿ ಅಂತ ಅಂಗೈಗೇ ಗೊತ್ತಾಗುತ್ತದೆ. ಇಷ್ಟೆಲ್ಲ ನಮ್ಮವರಿಗೆ ವಿವರಿಸಿದೆ. 'ಹಾಗಾದರೆ ಕೇಳು' ಅಂದರು. ಗಂಡಸರಿಗೆ ಎಷ್ಟು ಸುಲಭ!

ಕೇಳುವುದು ಯಾಕೆ ಕಷ್ಟ ಅಂತ ಬೇರೆ ಹೇಳಬೇಕಾ? ಅವರು ದೊಡ್ಡವರು. ಈ ಮನೆಯಲ್ಲಿ ಹುಟ್ಟಿದವರು. ನಾನು ಆಮೇಲೆ ಬಂದವಳು. 'ತಮ್ಮನ ಹೆಂಡತಿ ಒಂದು ಒರಳಿಗೆ ಲೆಕ್ಕ ಇಡ್ತಾಳೆ' ಅನ್ನುವ ಮಾತು ಒಮ್ಮೆ ಹುಟ್ಟಿದರೆ ನಾಲ್ಕು ಮದುವೆ ಮನೆಯಲ್ಲಿ ಊಟ ಮಾಡಿಕೊಂಡು ಬರುತ್ತದೆ.

ಸುತ್ತಿ ಬಳಸಿ

ಮೊದಲು ಸುಳಿವು ಕೊಟ್ಟು ನೋಡಿದೆ. ಆಷಾಢ ಶುರುವಾದ ವಾರ ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ, 'ಈಗ ಚಕ್ಕುಲಿ ಅಂಗಡಿಯಿಂದಲೇ ತರೋದು ಅತ್ತಿಗೆ, ಮನೇಲಿ ಮಾಡಿ ಎಷ್ಟು ತಿಂಗಳಾಯ್ತೋ' ಅಂದೆ. ಇಷ್ಟು ಹೇಳಿದರೆ ತಿಳಿಯಬೇಕು ಅಲ್ವಾ? ಅವರು, 'ಅಯ್ಯೋ, ಅಂಗಡೀದು ಯಾಕೆ ತಿಂತೀರಾ, ನಾಳೆ ಮಗ ಹಾಸ್ಟೆಲ್‌ಗೆ ಹೊರಟಿದಾನೆ, ಹೇಗೂ ಮಾಡ್ತಿದೀನಿ, ನಿಮಗೂ ಕಳಿಸ್ತೀನಿ' ಅಂದರು. ಕಳಿಸಿಯೂ ಬಿಟ್ಟರು. ಮೊದಲು ಹೇಳಿದ ಡಬ್ಬ ಅದೇ. ಒರಳು ಕೇಳಹೋಗಿ ಒರಳಿನ ಚಕ್ಕುಲಿ ಬಂತು.

ಅವರು ಬೇಕಂತಲೇ ಹಾಗೆ ಮಾಡಿದರು ಅಂತ ಎರಡು ದಿನ ಒಳಗೊಳಗೇ ಕುದ್ದೆ. ಆಮೇಲೆ ಯೋಚಿಸಿದರೆ ಅದು ಆಗದ ಮಾತು. ಒರಳು ನನ್ನದು ಅಂತ ಮನಸ್ಸಿನಲ್ಲಿದ್ದವರು ಅದೇ ಒರಳಿನ ಚಕ್ಕುಲಿ ಡಬ್ಬ ತುಂಬ ಕಳಿಸುವುದಿಲ್ಲ. ಮರೆತಿದ್ದಾರೆ, ಅಥವಾ ಮರೆಯುವುದಕ್ಕೆ ಏನೂ ಇಲ್ಲ ಅಂದುಕೊಂಡಿದ್ದಾರೆ. ಹಾಗಿದ್ದವರಿಗೆ ಸುಳಿವು ಸುಳಿವಾಗಿ ಕೇಳಿಸುವುದಿಲ್ಲ, ಬರೀ ಮಾತಾಗಿ ಕೇಳಿಸುತ್ತದೆ. ನಾನು ಬಾಣ ಬಿಟ್ಟೆ ಅಂದುಕೊಂಡೆ. ಅವರಿಗೆ ಅದು ನನ್ನ ಬಾಯಿಚಪಲ ಅನ್ನಿಸಿತು.

ಎರಡನೇ ಸಲ ಇನ್ನೂ ದಡ್ಡ ಕೆಲಸ ಮಾಡಿದೆ. ಇನ್ನೊಬ್ಬರ ಬಾಯಿ ಎರವಲು ತಗೊಂಡೆ. 'ಅತ್ತಿಗೆ, ಅತ್ತೆ ಯಾಕೋ ಒರಳು ಕೇಳ್ತಿದ್ರು' ಅಂತ ವಾಟ್ಸಾಪಿನಲ್ಲಿ ಹಾಕಿದೆ. ಹತ್ತು ನಿಮಿಷಕ್ಕೆ ಅತ್ತೆಯ ಫೋನು ಬಡಿದುಕೊಂಡಿತು. ಅತ್ತೆಗೆ ಕಿವಿ ಮಂದ, ಸ್ಪೀಕರ್ ಹಾಕಿಕೊಂಡೇ ಮಾತಾಡುವುದು. 'ಅಮ್ಮಾ, ನಿನಗ್ಯಾಕೆ ಒರಳು? ಹಲ್ಲೇ ಇಲ್ಲ!' ಅತ್ತೆ ನನ್ನ ಮುಖ ನೋಡಿದರು. ನಾನು ಗ್ಯಾಸ್ ಒಲೆ ಒರೆಸುತ್ತಿದ್ದೆ. ಅವತ್ತು ಒರೆಸಿದಷ್ಟು ಚೆನ್ನಾಗಿ ಎಂದೂ ಒರೆಸಿಲ್ಲ. ಅತ್ತೆ ದೊಡ್ಡ ಮನುಷ್ಯೆ, 'ಏನೋ ಬಾಯಿಗೆ ಬಂತು ಕೇಳಿದೆ ಬಿಡೇ' ಅಂದು ಮುಚ್ಚಿಹಾಕಿದರು. ಅಲ್ಲಿಗೆ ಒರಳಿನ ವಿಷಯವೂ ಮುಚ್ಚಿಹೋಯಿತು. ಬೇಕಾಗಿದ್ದವರೇ ಬೇಡ ಅಂದ ಮೇಲೆ ಇನ್ನೇನು?

ಅಮ್ಮ ಬಾಯಿಪಾಠ ಮಾಡಿಸಿದ ಮಾತು

ಆ ರಾತ್ರಿ ಅಮ್ಮ ನೆನಪಾದರು. ನಮ್ಮದು ಹಾಸನದ ಕಡೆ ಒಂದು ಸಣ್ಣ ಊರು. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಎಲ್ಲ ಸಾಮಾನೂ ಇರುತ್ತಿರಲಿಲ್ಲ. ಹಪ್ಪಳದ ಮಣೆ ಒಂದು ಮನೆಯದು, ದೊಡ್ಡ ಕೊಳದಪ್ಪಲೆ ಇನ್ನೊಂದು ಮನೆಯದು, ಏಣಿ ಮತ್ತೊಂದು ಮನೆಯದು. ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿಕೊಂಡೇ ತರುತ್ತಿದ್ದರು. ಚುಕ್ಕಿ ಚುಕ್ಕಿಯಾಗಿ ಒಂದು ಸಾಲು, ಹೆಸರಿನ ಮೊದಲಕ್ಷರ, ತಾರೀಕು. ಅದು ಬರೀ ಉಡುಗೊರೆ ಕೊಟ್ಟವರ ನೆನಪಿಗಲ್ಲ, ಪಾತ್ರೆ ಊರು ಸುತ್ತಿ ಬಂದರೂ ದಾರಿ ತಪ್ಪದಿರಲಿ ಅಂತ.

ನನಗೆ ಎಂಟೋ ಒಂಬತ್ತೋ ವರ್ಷ. ಬೇಸಿಗೆ. ನಮ್ಮ ಹಪ್ಪಳದ ಮಣೆ ಮೂರನೇ ಮನೆಯಲ್ಲಿತ್ತು. ಅಮ್ಮ ನನ್ನನ್ನು ಕರೆದು ಮಾತು ಬಾಯಿಪಾಠ ಮಾಡಿಸಿದರು: 'ಅಮ್ಮ ನಾಳೆ ಹಪ್ಪಳ ಇಡ್ತಾರಂತೆ, ಮಣೆ ಬೇಕಿತ್ತಂತೆ. ನಿಮ್ಮ ಕೆಲಸ ಇನ್ನೂ ಇದ್ರೆ ನಾಡಿದ್ದು ಬಂದು ತಗೊಂಡು ಹೋಗ್ತೀನಿ.' ಎರಡು ಸಲ ಹೇಳಿಸಿದರು. ನಾನು ದಾರಿಯಲ್ಲಿ ಗೋಲಿ ಆಟ ನೋಡುತ್ತಾ ನಿಂತೆ. ಆ ಮನೆ ಬಾಗಿಲಿಗೆ ಹೋಗುವ ಹೊತ್ತಿಗೆ ತಲೆಯಲ್ಲಿ ಉಳಿದಿದ್ದು ಇಷ್ಟೇ: 'ನಮ್ಮ ಮಣೆ ಕೊಡಬೇಕಂತೆ.'

ಆ ಮನೆಯವರು ಏನೂ ಅನ್ನಲಿಲ್ಲ. ಮಣೆ ತೊಳೆದು, ಒರೆಸಿ, ನನ್ನ ತಲೆ ಮೇಲೆ ಹೊರಿಸಿದರು. ಆದರೆ ಸಂಜೆ ಅವರ ಮನೆಯಿಂದ ನಮ್ಮ ಇನ್ನೆರಡು ಸಾಮಾನು ತಾವಾಗಿ ಬಂದವು. ಒಂದು ಜರಡಿ, ಒಂದು ಸೌಟು. ಅಮ್ಮನಿಗೆ ತಕ್ಷಣ ಗೊತ್ತಾಯಿತು. 'ಏನಂದೆ ಹೋಗಿ?' ಹೇಳಿದೆ. ಅಮ್ಮ ಹಣೆ ಚಚ್ಚಿಕೊಂಡರು. 'ನಮ್ಮ ಅನ್ನೋ ಮಾತು ನಾನು ಹೇಳಿಕೊಟ್ಟಿದ್ದೆನಾ?'

ಇಷ್ಟು ವರ್ಷಕ್ಕೆ ಅಮ್ಮನ ಆ ಎರಡು ಸಾಲನ್ನು ಬಿಡಿಸಿ ನೋಡಿದೆ. ಅದರಲ್ಲಿ ಮೊದಲು ಬರುವುದು ಕೆಲಸ, ಆಮೇಲೆ ಸಾಮಾನು. ನಾಳೆ ಹಪ್ಪಳ ಇದೆ, ಆದ್ದರಿಂದ ಮಣೆ. ಕೇಳಿದವರಿಗೆ ಕಾಣುವುದು ಹಪ್ಪಳ, ತಾವು ಇಟ್ಟುಕೊಂಡ ತಪ್ಪಲ್ಲ. 'ನಮ್ಮ' ಇಲ್ಲ. ಅದು ಯಾರದು ಅಂತ ಇಬ್ಬರಿಗೂ ಗೊತ್ತಿರುವಾಗ ಮತ್ತೆ ಹೇಳಿದರೆ, ನಿಮಗೆ ಮರೆತಿದೆ ಅಂತ ಆಡಿ ತೋರಿಸಿದ ಹಾಗೆ. 'ವಾಪಸ್' ಅನ್ನುವ ಮಾತೂ ಇಲ್ಲ, 'ಮುಗೀತಾ' ಅನ್ನುವ ಪ್ರಶ್ನೆಯೂ ಇಲ್ಲ. 'ಬೇಕು' ಅನ್ನದೆ 'ಬೇಕಿತ್ತು' ಅಂದಿದ್ದಾರೆ. ನಮ್ಮ ಭಾಷೆಯಲ್ಲಿ ಈ 'ಇತ್ತು' ಒಂದು ವಿಚಿತ್ರ ಮರ್ಯಾದೆ. ಬೇಕಾಗಿರುವುದು ನಾಳೆ, ಹೇಳುವುದು ನಿನ್ನೆಯ ಹಾಗೆ. ಕೇಳಿದವರಿಗೆ 'ಇನ್ನೂ ಇದೆ' ಅನ್ನುವುದಕ್ಕೆ ಜಾಗ ಸಿಗುತ್ತದೆ. ಆದರೂ ಕೊನೆಯಲ್ಲಿ ಒಂದು ದಿನ ಇದೆ, ನಾಡಿದ್ದು. ಯಾರು ಹೊರುತ್ತಾರೆ ಅನ್ನುವುದೂ ಇದೆ, ನಾನೇ. ಜಾಗವೂ ಇದೆ, ಗಡುವೂ ಇದೆ.

ಇನ್ನು ಆ 'ಅಂತೆ'. ಮಕ್ಕಳ ಕೈಯಲ್ಲಿ ಹೇಳಿಕಳಿಸುವುದು ಅದಕ್ಕೇ ಇರಬೇಕು. ದೊಡ್ಡವರಿಬ್ಬರು ಎದುರುಬದುರು ನಿಂತು ಮುಜುಗರಪಡುವುದು ತಪ್ಪುತ್ತದೆ. ಹಾಗಾದರೆ ನಾನು ಅತ್ತೆಯ ಹೆಸರು ಹೇಳಿದ್ದರಲ್ಲಿ ಏನು ತಪ್ಪು? ವ್ಯತ್ಯಾಸ ಇದೆ. ಮಗು ಹೊತ್ತು ತಂದಿದ್ದು ಅಮ್ಮನದೇ ಮಾತು. ನಾನು ಹೊರಿಸಿದ್ದು ಅತ್ತೆ ಆಡದ ಮಾತು. ಒಂದು ಫೋನಿಗೇ ಬಯಲಾಯಿತು.

ಅಟ್ಟದ ಮೇಲಿನ ಬೋಗುಣಿ

ಒರಳು ಕೊಟ್ಟಿದ್ದು ನಿಜವಾ, ಎಲ್ಲೋ ಇಲ್ಲೇ ಇದೆಯಾ ಅಂತ ಒಂದು ದಿನ ಅನುಮಾನ ಬಂದು ಅಟ್ಟ ಹತ್ತಿದೆ. ಒರಳು ಸಿಗಲಿಲ್ಲ, ಒಂದು ಸ್ಟೀಲ್ ಬೋಗುಣಿ ಸಿಕ್ಕಿತು. ಅಂಚಿನಲ್ಲಿ ಚುಕ್ಕಿ ಅಕ್ಷರ, ನಮ್ಮದಲ್ಲದ ಹೆಸರು. ನಾನು ಅದರಲ್ಲಿ ಎಷ್ಟು ಸಲ ಇಡ್ಲಿಗೆ ಅಕ್ಕಿ ನೆನೆಸಿದ್ದೀನೋ! ಯಾರದು ಅಂತ ನೆನಪಿಸಿಕೊಳ್ಳಲು ಅರ್ಧ ಗಂಟೆ ಬೇಕಾಯಿತು. ಹಳೆಯ ಬಾಡಿಗೆ ಮನೆಯ ಪಕ್ಕದವರದು. ಅವರು ಪಾಯಸ ಹಾಕಿ ಕಳಿಸಿದ್ದರು. ಬರೀ ಪಾತ್ರೆ ಹಿಂದಿರುಗಿಸಬಾರದು, ಏನಾದರೂ ಮಾಡಿದಾಗ ಹಾಕಿಕೊಡೋಣ ಅಂತ ಎತ್ತಿಟ್ಟಿದ್ದೆ. ಏನಾದರೂ ಮಾಡುವ ಮೊದಲೇ ಮನೆ ಬದಲಾಯಿಸಿದೆವು.

ನಮ್ಮ ಕಡೆ ಎಷ್ಟೋ ಸಾಮಾನು ಮನೆಗೆ ಮರಳದೆ ಇರುವುದು ಹೀಗೇ ಅನ್ನಿಸುತ್ತದೆ. ಆಸೆಯಿಂದಲ್ಲ, ಮರ್ಯಾದೆಯಿಂದ. ಖಾಲಿ ಕೊಡಬಾರದು, ತುಂಬಿಸುವುದಕ್ಕೆ ಹೊತ್ತು ಕೂಡಿ ಬರಬೇಕು. ಮಂಗಳವಾರ ಶುಕ್ರವಾರ ಮನೆಯಿಂದ ಸಾಮಾನು ಹೊರಗೆ ಕೊಡಬಾರದು. ದೀಪ ಹಚ್ಚಿದ ಮೇಲೆ ಬೇಡ. ಹೀಗೆ ದಿನ ನೋಡುತ್ತಾ ನೋಡುತ್ತಾ ಆ ವಸ್ತು ನಮ್ಮ ಕಪಾಟಿನಲ್ಲಿ ಒಂದು ಜಾಗ ಹಿಡಿಯುತ್ತದೆ. ಮೂರು ತಿಂಗಳು ಒಂದೇ ಜಾಗದಲ್ಲಿದ್ದರೆ ಕಣ್ಣಿಗೆ ಅದು ಮನೆಯದೇ. ಆ ಬೋಗುಣಿ ಮನೆಯವರು ಒಂದು ದಿನ ಫೋನ್ ಮಾಡಿ, 'ನಾಳೆ ಸತ್ಯನಾರಾಯಣ ಪೂಜೆ, ಆ ಬೋಗುಣಿ ಬೇಕಿತ್ತು' ಅಂದಿದ್ದರೆ ನಾನು ಓಡಿಹೋಗಿ ಕೊಟ್ಟು ಬರುತ್ತಿದ್ದೆ. ಜಿಪುಣರು ಅಂತ ಒಂದು ಕ್ಷಣವೂ ಅನ್ನಿಸುತ್ತಿರಲಿಲ್ಲ.

ನಮ್ಮ ಚಿಕ್ಕಪ್ಪ ವಕೀಲರು. ತಮಾಷೆಗೆ ಕೇಳಿದೆ, ಒರಳಿಗೆ ಕಾನೂನು ಇದೆಯಾ ಅಂತ. ಇದೆಯಂತೆ! 1872ರ ಭಾರತೀಯ ಕರಾರು ಕಾಯ್ದೆಯ 160ನೇ ಸೆಕ್ಷನ್. ಯಾವ ಕೆಲಸಕ್ಕೆ ತಗೊಂಡರೋ ಆ ಕೆಲಸ ಮುಗಿದ ಕೂಡಲೇ, ಕೊಟ್ಟವರು ಕೇಳದೆಯೇ, ವಸ್ತು ಹಿಂದಿರುಗಿಸಬೇಕು. 'ಕೇಳದೆಯೇ' ಅನ್ನುವುದು ಕಾಯ್ದೆಯಲ್ಲೇ ಇದೆ. ಅಂದರೆ ಅಷ್ಟಮಿ ಮಾರನೇ ದಿನವೇ ಒರಳು ಹೊರಡಬೇಕಿತ್ತು. 163ನೇ ಸೆಕ್ಷನ್ ಇನ್ನೂ ಮಜಾ. ಬೇರೆ ಮಾತು ಆಗಿರದಿದ್ದರೆ, ಇಟ್ಟುಕೊಂಡಿದ್ದಾಗ ಆ ವಸ್ತುವಿನಿಂದ ಆದ ಹೆಚ್ಚಳವನ್ನೂ ಕೊಡಬೇಕಂತೆ. ಒಬ್ಬರ ಸುಪರ್ದಿಗೆ ಬಿಟ್ಟ ಹಸು ಕರು ಹಾಕಿದರೆ ಕರುವನ್ನೂ ಸೇರಿಸಿ ಕೊಡಬೇಕು ಅಂತ ಕಾಯ್ದೆಯೇ ಉದಾಹರಣೆ ಕೊಟ್ಟಿದೆ. 'ನಿಮ್ಮತ್ತಿಗೆ ಕರು ಕಳಿಸಿ ಹಸು ಇಟ್ಕೊಂಡಿದಾರೆ' ಅಂದರು ಚಿಕ್ಕಪ್ಪ. ಆಮೇಲೆ ಸೀರಿಯಸ್ಸಾಗಿ, 'ಕಾನೂನು ಬಾಯಲ್ಲಿ ಬಂದರೆ ಸಂಬಂಧ ಹೋಯ್ತು ಅಂತಲೇ. ಹಬ್ಬಕ್ಕೆ ಮೊದಲೇ ಹೋಗಿ ಕೇಳು' ಅಂದರು.

ಹಬ್ಬಕ್ಕೆ ಮೊದಲೇ ಅನ್ನುವುದು ಸರಿಯಾದ ಮಾತು. ಅಷ್ಟಮಿ ಹಿಂದಿನ ದಿನ ಕೇಳಿದರೆ ಅವರಿಗೂ ಅದೇ ದಿನ ಒರಳು ಬೇಕು. ಆಗ ಅದು ಕೇಳಿದ್ದಲ್ಲ, ಕಿತ್ತುಕೊಂಡಿದ್ದು. ಹಬ್ಬ ಆದ ಮೇಲೆ ಕೇಳಿದರೆ, ಈಗ ಯಾಕೆ, ಹಟಕ್ಕೆ ಅಂತ. ಇಬ್ಬರಿಗೂ ತಕ್ಷಣಕ್ಕೆ ಕೆಲಸ ಇಲ್ಲದ, ಆದರೆ ಕೆಲಸ ಬರುತ್ತಿದೆ ಅಂತ ಗೊತ್ತಿರುವ ಹೊತ್ತು ಆಷಾಢವೇ.

ಡಬ್ಬ ಹೊತ್ತುಕೊಂಡು

ಅಷ್ಟರಲ್ಲಿ ನನ್ನ ಮನೆಯಲ್ಲೇ ಅವರ ಡಬ್ಬ ಇತ್ತಲ್ಲ. ಚಕ್ಕುಲಿ ಖಾಲಿಯಾಗಿತ್ತು. ನಾನೂ ಸಾಲಗಾರಳೇ. ಖಾಲಿ ಡಬ್ಬ ಕೊಡುವ ಹಾಗಿಲ್ಲ, ಚಕ್ಕುಲಿ ಮಾಡೋಣ ಅಂದರೆ ಒರಳಿಲ್ಲ. ಒರಳು ಬೇಡದ ಕರಿದ ತಿಂಡಿ ಯಾವುದು? ಕೋಡುಬಳೆ. ಅಂಗೈಯಲ್ಲಿ ಹೊಸೆದರಾಯಿತು. ಮಾಡಿದೆ. ಕೊಂಕಿಗೆ ಮಾಡಿದ್ದಲ್ಲ ಅಂತ ಹೇಳಿದರೆ ನೀವು ನಂಬಬೇಕಾಗಿಲ್ಲ.

ಆಷಾಢದ ಶುಕ್ರವಾರ. ಬೆಳಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆವು. ಮೂರು ಗಂಟೆ ಸಾಲಿನಲ್ಲಿ ನಿಂತೆವು. ಆ ಮೂರು ಗಂಟೆಯೂ ನಾನು ದೇವಿಯನ್ನು ನೆನೆಯಲಿಲ್ಲ, ವಾಕ್ಯ ಜೋಡಿಸುತ್ತಿದ್ದೆ. ಇಳಿದು ಬಂದು ಮಧ್ಯಾಹ್ನ ಅತ್ತಿಗೆಯ ಮನೆಗೆ ಹೋದೆವು. ಕಾಫಿ ಆಯಿತು. ಕೋಡುಬಳೆ ಚೆನ್ನಾಗಿದೆ ಅಂದರು. ನಾನು ಉಸಿರು ಎಳೆದುಕೊಂಡು, 'ಅತ್ತಿಗೆ, ಅಷ್ಟಮಿಗೆ ಈ ಸಲ ನಮ್ಮಮ್ಮನ ಕೈಲಿ ಚಕ್ಕುಲಿ ಮಾಡಿಸೋಣ ಅಂತಿದೀನಿ, ಒರಳು ಬೇಕಿತ್ತು. ಕಾರಿದೆ, ಹೋಗ್ತಾ ತಗೊಂಡು ಹೋಗ್ತೀನಿ' ಅಂದೆ. ಅಮ್ಮ ಬರುವುದು ನಿಜವೇ ಆಗಿತ್ತು, ಈ ಸಲ ಯಾರ ಬಾಯಿಗೂ ನಾನು ಮಾತು ಹಾಕಲಿಲ್ಲ.

ಅತ್ತಿಗೆ ಸಹಜವಾಗಿ, 'ನಮ್ಮಮ್ಮನ ಒರಳಾ?' ಅಂದರು.

ಅಲ್ಲಿ ಗಂಟು ಬಿಚ್ಚಿತು. ಅವರು ಮರೆತೇ ಇರಲಿಲ್ಲ. ತಾಯಿ ಕೈಯಿಂದ ತಗೊಂಡಿದ್ದು, ತಾಯಿಯದು, ಮಗಳಿಗೆ ಕೊಟ್ಟಿದ್ದು. ಅದಕ್ಕೆ ವಾಪಸ್ ಅನ್ನುವುದು ಎಲ್ಲಿಯದು? ನಾನು ಹನ್ನೊಂದು ತಿಂಗಳು ಅವರ ಮರೆವಿನ ಮೇಲೆ ಮುನಿಸಿಕೊಂಡಿದ್ದೆ. ಬೋಗುಣಿಯ ಲೆಕ್ಕದಲ್ಲೇ ಅವರನ್ನೂ ಅಳೆದಿದ್ದೆ.

'ಅಲ್ಲ ಅತ್ತಿಗೆ, ಅದು ನಮ್ಮಮ್ಮಂದು' ಅಂದೆ. ಬಿಡಬೇಕು ಅಂದುಕೊಂಡಿದ್ದ 'ನಮ್ಮ' ಎಷ್ಟು ಸಲೀಸಾಗಿ ಬಂತು! ಆದರೆ ಇಲ್ಲಿ ಅದಿಲ್ಲದೆ ಆಗುತ್ತಿರಲಿಲ್ಲ. ಅಮ್ಮನ ಸೂತ್ರ ಇಬ್ಬರಿಗೂ ಯಾರದು ಅಂತ ಗೊತ್ತಿರುವ ಕಡೆಗೆ ಮಾತ್ರ. ಗೊತ್ತಿಲ್ಲದ ಕಡೆ 'ಬೇಕಿತ್ತು' ಅಂತ ಮೆತ್ತಗೆ ಕೇಳಿದರೆ, ತಮ್ಮ ಸಾಮಾನನ್ನು ಇವಳು ಎರವಲು ಕೇಳ್ತಿದಾಳೆ ಅಂತಲೇ ಅವರು ತಿಳಿಯುವುದು.

ಅತ್ತಿಗೆ ಎದ್ದು ಒಳಗೆ ಹೋದರು. ಒರಳು ತಂದು ತಲೆಕೆಳಗು ಮಾಡಿ ಕಿಟಕಿ ಬೆಳಕಿಗೆ ಹಿಡಿದರು. ಕೆಳಗಿನ ಹಿಡಿಯ ಅಡಿಯಲ್ಲಿ ಅಮ್ಮನ ಹೆಸರಿನ ಎರಡು ಚುಕ್ಕಿ ಅಕ್ಷರ ಇತ್ತು, ಹುಣಸೆಹಣ್ಣು ಹಾಕಿ ತಿಕ್ಕೀ ತಿಕ್ಕೀ ಅರ್ಧ ಸವೆದಿತ್ತು. ನಾನು ಅದನ್ನು ತೋರಿಸಬಾರದು ಅಂತ ಬೆಟ್ಟದ ಸಾಲಿನಲ್ಲೇ ತೀರ್ಮಾನಿಸಿದ್ದೆ. ತೋರಿಸಲಿಲ್ಲ. ಅವರೇ ಓದಿಕೊಂಡರು. ಅವರ ಮುಖ ಕೆಂಪಾಯಿತು.

'ಮೊದಲೇ ಹೇಳಬಾರದಿತ್ತೇನೇ?' ಅಂದರು. ಸ್ವಲ್ಪ ಕೋಪವೇ ಇತ್ತು ಧ್ವನಿಯಲ್ಲಿ. 'ಒಂದು ವರ್ಷದಿಂದ ನನ್ನ ಬಗ್ಗೆ ಏನೇನು ಅಂದ್ಕೊಂಡಿದ್ಯೋ.'

ಏನೂ ಅಂದುಕೊಂಡಿಲ್ಲ ಅಂತ ಸುಳ್ಳು ಹೇಳಿದೆ. ನಮ್ಮವರು ಕಾರಿನ ಕೀ ತಿರುಗಿಸುತ್ತಾ ಕೂತಿದ್ದರು. ನಾನು ಒರಳಿಗೆ ಕೈ ಚಾಚಿದೆ. ಅತ್ತಿಗೆ ಹಿಂದಕ್ಕೆ ಎಳೆದುಕೊಂಡರು.

'ಇವತ್ತು ಶುಕ್ರವಾರ. ನಾಳೆ ಕಳಿಸ್ತೀನಿ.'

ಕಾರಿನಲ್ಲಿ ಇಬ್ಬರೂ ನಕ್ಕೂ ನಕ್ಕೂ ಸಾಕಾಯಿತು. ಮಾರನೇ ದಿನ ಹತ್ತು ಗಂಟೆಗೆ ಅತ್ತಿಗೆಯ ಯಜಮಾನರು ಸ್ಕೂಟರಿನಲ್ಲಿ ತಂದುಕೊಟ್ಟರು. ಒರಳಿನ ಕೊಳವೆಯೊಳಗೆ ಒಂದು ಹಿಡಿ ಕಲ್ಲುಸಕ್ಕರೆ, ಪೇಪರಿನಲ್ಲಿ ಕಟ್ಟಿದ್ದು. ಬಿಲ್ಲೆ ನಾಲ್ಕೂ ಇದ್ದವು. ಮೊಂಡು ಮೂಲೆಯೂ ಹಾಗೇ ಇತ್ತು.

ಅಷ್ಟಮಿ ಆದ ಮೇಲೆ ಅತ್ತಿಗೆಯ ಫೋನು. 'ದೀಪಾವಳಿಗೆ ಮಗ ಬರ್ತಾನೆ ಕಣೇ, ಒರಳು ಬೇಕಿತ್ತು.' ಅದೇ 'ಇತ್ತು'.

'ಬುಧವಾರ ಬಂದು ತಗೊಂಡು ಹೋಗಿ ಅತ್ತಿಗೆ' ಅಂದೆ. ಆಮೇಲೆ ಒಂದು ಕ್ಷಣ ತಡೆದು, 'ತುಳಸಿ ಹಬ್ಬದೊಳಗೆ ಕಳಿಸಿಬಿಡಿ' ಅಂತಲೂ ಸೇರಿಸಿದೆ.

'ಬರ್ಕೊಂಡೆ ಬಿಡೇ' ಅಂದರು. ಆ ಕಡೆಯಿಂದ ಕ್ಯಾಲೆಂಡರಿನ ಹಾಳೆ ಮಗುಚುವ ಸದ್ದು ನಿಜವಾಗಿಯೂ ಕೇಳಿಸಿತು.